ಮಳೆಗಾಲದ ಕುದುರೆಮುಖಕ್ಕೆ ಬೂಟೋ, ಟ್ರೈಲ್ ಶೂವೋ?

ಪ್ರಶ್ನೆ: ನನಗೆ 38 ವರ್ಷ, ಬೆಂಗಳೂರಲ್ಲಿದ್ದೇನೆ. ಜುಲೈ ಕೊನೆಯಲ್ಲಿ ಮುಳ್ಳೋಡಿ ಕಡೆಯಿಂದ ಕುದುರೆಮುಖ ಹತ್ತುವ ಪ್ಲ್ಯಾನ್ ಇದೆ, ಒಂದೇ ದಿನದ್ದು. ಎರಡು ವರ್ಷದ ಹಿಂದೆ ಬಲಗಾಲು ಜೋರಾಗಿ ಉಳುಕಿತ್ತು. ಈಗ ನೋವಿಲ್ಲ, ಆದರೆ ಭಯ ಇದೆ. ಅಂಗಡಿಯವರು ಪಾದದ ಗಂಟು ಮುಚ್ಚುವ ವಾಟರ್‌ಪ್ರೂಫ್ ಬೂಟೇ ಬೇಕು ಅಂತಾರೆ, ಜೊತೆಗೆ ಬರುವ ಗೆಳೆಯ ಗಂಟಿನ ಕೆಳಗೇ ನಿಲ್ಲುವ, ಬೆಟ್ಟದ ದಾರಿಗೆ ಅಂತ ಮಾಡಿದ ಹಗುರ ಟ್ರೈಲ್ ಶೂ ಸಾಕು ಅಂತಾನೆ. ಏಳು ವರ್ಷದ ಹಿಂದೆ ಹಿಮಾಲಯಕ್ಕೆ ಅಂತ ತಗೊಂಡ ಬೂಟ್ ಒಂದು ಅಟ್ಟದ ಮೇಲಿದೆ, ಹಾಕಿದ್ದೇ ಕಡಿಮೆ. ಅದನ್ನೇ ಹಾಕಲಾ, ಹೊಸದು ತಗೊಳ್ಳಲಾ?

ಉತ್ತರ: ಮೊದಲು ಅಟ್ಟದ ಮೇಲಿನ ಬೂಟಿನ ವಿಷಯ. ಅದನ್ನು ಇವತ್ತೇ ಕೆಳಗಿಳಿಸಿ ನೋಡಿ, ಆದರೆ ಕುದುರೆಮುಖಕ್ಕೆ ಹಾಕಬೇಡಿ. ಹಿಮಾಲಯಕ್ಕೆ ಅಂತ ಮಾಡುವ ಎಷ್ಟೋ ಬೂಟುಗಳಲ್ಲಿ ಕೆಳಗಿನ ರಬ್ಬರಿಗೂ ಮೇಲಿನ ಚರ್ಮಕ್ಕೂ ನಡುವೆ ಪಾಲಿಯುರೆಥೇನ್ ಅನ್ನುವ ಮೆತ್ತನೆಯ ಪದರ ಇರುತ್ತದೆ. ಗಾಳಿಯಲ್ಲಿರುವ ತೇವ ಆ ಪದರವನ್ನು ಒಳಗಿಂದಲೇ ನಿಧಾನವಾಗಿ ಮುರಿಯುತ್ತಾ ಹೋಗುತ್ತದೆ. ಬೂಟ್ ಹಾಕದೇ ಇಟ್ಟರೂ ಇದು ನಿಲ್ಲುವುದಿಲ್ಲ. ಸುಮ್ನೆ ಡಬ್ಬಿಯಲ್ಲಿಟ್ಟ ಬೂಟೇ ಬೇಗ ಹಾಳಾಗುವುದೂ ಉಂಟು. ಐದಾರು ವರ್ಷ ದಾಟಿದ ಮೇಲೆ ಹೊರಗಿನಿಂದ ಹೊಸದರಂತೆ ಕಾಣುವ ಬೂಟ್, ನಡೆಯಲು ಶುರು ಮಾಡಿದ ಒಂದೆರಡು ಗಂಟೆಯಲ್ಲೇ ಪುಡಿಪುಡಿಯಾಗಿ ಸೋಲ್ ಪೂರ್ತಿ ಕಿತ್ತು ಬರಬಹುದು. ಚಾರಣದಲ್ಲಿ ಹಗ್ಗದಿಂದ ಸೋಲ್ ಕಟ್ಟಿಕೊಂಡು ಇಳಿಯುವವರನ್ನು ನೋಡಿದರೆ ಹೆಚ್ಚಿನ ಸಲ ಕಾರಣ ಇದೇ.

ನಿಮ್ಮ ಬೂಟಿನ ಸ್ಥಿತಿ ತಿಳಿಯುವುದು ಕಷ್ಟವಲ್ಲ. ಪಕ್ಕದಿಂದ ಆ ನಡುವಿನ ಪದರವನ್ನು ಹೆಬ್ಬೆರಳ ಉಗುರಿನಿಂದ ಒತ್ತಿ. ಒತ್ತಿದ ಗುರುತು ಹಾಗೇ ಉಳಿದರೆ, ಪುಡಿ ಉದುರಿದರೆ, ಅಂಟಂಟಾಗಿದ್ದರೆ, ಅಥವಾ ಬೂಟನ್ನು ಬಗ್ಗಿಸಿದಾಗ ಸಣ್ಣ ಬಿರುಕುಗಳ ಜಾಲ ಕಂಡರೆ ಅದರ ಆಯಸ್ಸು ಮುಗಿದಿದೆ ಅಂತಲೇ ಅರ್ಥ. ಮೋಚಿ ಹತ್ತಿರ ಅಂಟು ಹಾಕಿಸಿ ಉಪಯೋಗವಿಲ್ಲ. ಅಂಟು ಹಿಡಿಯಬೇಕಾದ ಪದರವೇ ಪುಡಿಯಾಗಿರುತ್ತದಲ್ಲ! ಗಟ್ಟಿಯಾಗಿಯೇ ಕಂಡರೂ ಏಳು ವರ್ಷದ ಬೂಟನ್ನು ನಂಬಿ ಮಳೆಯಲ್ಲಿ ಹದಿನೆಂಟು ಕಿಲೋಮೀಟರ್ ನಡೆಯಲು ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಹೊಸದು ಯಾವುದು ಅನ್ನುವುದಕ್ಕೆ ನೇರವಾಗಿ ಹೇಳುತ್ತೇನೆ. ಜುಲೈಯಲ್ಲಿ, ಒಂದು ದಿನಕ್ಕೆ, ಬೆನ್ನ ಮೇಲೆ ನಾಲ್ಕೈದು ಕೆಜಿ ಹೊತ್ತು ಕುದುರೆಮುಖ ಹತ್ತುವವರಿಗೆ ಟ್ರೈಲ್ ಶೂ. ವಾಟರ್‌ಪ್ರೂಫ್ ಅಲ್ಲದ್ದು, ಮೆದು ರಬ್ಬರಿನ ಸೋಲ್ ಇರುವುದು, ಕೈಯಲ್ಲಿ ಹಿಡಿದು ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳದ್ದು. ನಿಮ್ಮ ಬಲಗಾಲಿಗೆ ಇದರ ಜೊತೆ ಲೇಸ್ ಕಟ್ಟುವ ಆಂಕಲ್ ಬ್ರೇಸ್, ಅಂದರೆ ಪಾದದ ಗಂಟಿಗೆ ಬಿಗಿಯುವ ಕವಚ ಒಂದು. ಉಳುಕಿದ ಕಾಲಿಗೆ ಬೂಟ್ ಬೇಡ ಅನ್ನುತ್ತಿದ್ದೀರಲ್ಲ ಅಂತ ನಿಮಗೆ ಅನ್ನಿಸಬಹುದು, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕಾಲು ಉಳುಕುವುದು ಹೇಗೆ? ಕಲ್ಲಿನ ಅಂಚಿನ ಮೇಲೆ ಪಾದದ ಹೊರಬದಿ ಸಿಕ್ಕಿ, ಅಂಗಾಲು ಒಳಮುಖವಾಗಿ ಮಗುಚುತ್ತದೆ. ಹೊರಗಿನ ಗಂಟಿನ ಕೆಳಗೆ ಮೂಳೆಗಳನ್ನು ಹಿಡಿದಿರುವ ಲಿಗಮೆಂಟ್ ಅನ್ನುವ ನಾರು ಎಳೆದು ಹರಿಯುತ್ತದೆ. ಇಡೀ ಘಟನೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಆ ಹೊತ್ತಿನಲ್ಲಿ ಬೂಟಿನ ಕಾಲರ್ ನಿಮ್ಮ ಇಡೀ ದೇಹದ ಭಾರವನ್ನು ಪಕ್ಕಕ್ಕೆ ವಾಲದಂತೆ ತಡೆಯಬೇಕು. ತಡೆಯುತ್ತದಾ? ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಬೂಟಿನ ಹಿಮ್ಮಡಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಮೇಲಿನ ಕಾಲರನ್ನು ಇನ್ನೊಂದು ಕೈಯ ಎರಡು ಬೆರಳಿನಿಂದ ಪಕ್ಕಕ್ಕೆ ತಳ್ಳಿ. ಈಗ ಸಿಗುವ ಹೆಚ್ಚಿನ ಹಗುರ ಬೂಟುಗಳಲ್ಲಿ ಅದು ಬಟ್ಟೆ ಮತ್ತು ಸ್ಪಂಜು ಅಷ್ಟೇ, ಎರಡು ಬೆರಳಿಗೇ ಮಡಚುತ್ತದೆ. ಎರಡು ಬೆರಳಿಗೆ ಮಡಚುವುದು ಎಪ್ಪತ್ತು ಕೆಜಿ ದೇಹವನ್ನು ಹಿಡಿದು ನಿಲ್ಲಿಸಲಾರದು. ದಪ್ಪ ಚರ್ಮದ, ನಿಜಕ್ಕೂ ಗಟ್ಟಿಯಾದ ಬೂಟುಗಳೂ ಇವೆ. ಅವು ಒಂದು ಮಟ್ಟಿಗೆ ತಡೆಯುತ್ತವೆ. ಆದರೆ ಅವು ಭಾರ, ಮತ್ತು ಪಾದಕ್ಕೆ ಕೆಳಗಿನ ಕಲ್ಲು ಹೇಗಿದೆ ಅಂತ ಗೊತ್ತಾಗಲು ಬಿಡುವುದಿಲ್ಲ.

ಇದರ ಬಗ್ಗೆ ಅಧ್ಯಯನಗಳೂ ಆಗಿವೆ. 1993ರಲ್ಲಿ ಅಮೆರಿಕದಲ್ಲಿ 622 ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಎತ್ತರದ ಮತ್ತು ಗಿಡ್ಡ ಶೂಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಯಾರಿಗೆ ಕಾಲು ಉಳುಕುತ್ತದೆ ಅಂತ ನೋಡಿದರು. ಶೂ ಎತ್ತರಕ್ಕೂ ಉಳುಕಿಗೂ ಗಟ್ಟಿ ಸಂಬಂಧ ಕಾಣಲಿಲ್ಲ. ಆಟದ ಮೈದಾನ ಬೇರೆ, ಬೆಟ್ಟ ಬೇರೆ, ಒಪ್ಪುತ್ತೇನೆ. ಆದರೆ ಎತ್ತರದ ಕಾಲರ್ ಇದ್ದರೆ ಕಾಲು ಸೇಫ್ ಅನ್ನುವ ಮಾತಿಗೆ ಆಧಾರ ಅಷ್ಟು ಗಟ್ಟಿ ಇಲ್ಲ ಅನ್ನುವುದಂತೂ ಇದರಿಂದ ತಿಳಿಯುತ್ತದೆ. ಬ್ರೇಸ್ ವಿಷಯದಲ್ಲಿ ಫಲಿತಾಂಶ ಬೇರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 1,460 ಹೈಸ್ಕೂಲ್ ಆಟಗಾರರಲ್ಲಿ ಲೇಸ್ ಕಟ್ಟುವ ಬ್ರೇಸ್ ಹಾಕಿಕೊಂಡವರಿಗೆ ಪಾದದ ಗಂಟಿನ ಪೆಟ್ಟು ಸ್ಪಷ್ಟವಾಗಿ ಕಡಿಮೆಯಾಯಿತು. ಹಿಂದೆ ಉಳುಕಿದ್ದವರಲ್ಲೂ ಕಡಿಮೆಯಾಯಿತು. ಆದರೆ ಪೆಟ್ಟು ಬಿದ್ದಾಗ ಅದರ ತೀವ್ರತೆ ಕಡಿಮೆಯಾಗಲಿಲ್ಲ, ಅದನ್ನೂ ಹೇಳಬೇಕು. ಬ್ರೇಸ್ ಇದೆ ಅಂತ ಕಲ್ಲಿನಿಂದ ಕಲ್ಲಿಗೆ ಹಾರುವ ಹಾಗಿಲ್ಲ.

ಬ್ರೇಸ್ ಯಾಕೆ ಕೆಲಸ ಮಾಡುತ್ತದೆ ಅಂದರೆ ಅದು ಪಾದದ ಅಡಿಯಿಂದ ಗಂಟಿನ ಮೇಲಕ್ಕೆ ಎಂಟರ ಆಕಾರದಲ್ಲಿ ಪಟ್ಟಿ ಎಳೆದು ಕಟ್ಟುತ್ತದೆ, ಕಾಲಿಗೆ ಬಿಗಿಯಾಗಿ ಅಂಟಿಕೊಂಡೇ ಇರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಬರೀ ಎಲಾಸ್ಟಿಕ್ ಸಾಕ್ಸಿನಂಥದ್ದು ಈ ಕೆಲಸ ಮಾಡಲ್ಲ. ಲೇಸ್ ಇರಬೇಕು, ಅಡ್ಡಪಟ್ಟಿ ಇರಬೇಕು. ಶೂ ತಗೊಳ್ಳಲು ಹೋಗುವಾಗ ಬ್ರೇಸ್ ಹಾಕಿಕೊಂಡೇ ಹೋಗಿ, ಯಾಕೆಂದರೆ ಅದು ಶೂ ಒಳಗೆ ಜಾಗ ತಿನ್ನುತ್ತದೆ. ಎಷ್ಟೋ ಸಲ ಅರ್ಧ ಸೈಜ್ ದೊಡ್ಡದು ಬೇಕಾಗುತ್ತದೆ.

ಶೂ ಮಾಡುವ ಸಹಾಯ ಬೇರೆ ಕಡೆ ಇದೆ. ಪಾದ ನೆಲಕ್ಕೆ ಹತ್ತಿರ ಇದ್ದಷ್ಟೂ ಮಗುಚುವುದು ಕಡಿಮೆ. ಹಾಗಾಗಿ ಈಗ ಫ್ಯಾಷನ್ ಆಗಿರುವ, ನಾಲ್ಕು ಸೆಂಟಿಮೀಟರ್ ಎತ್ತರದ ಮೆತ್ತನೆ ಸೋಲಿನ ಓಟದ ಶೂ ನಿಮಗೆ ಬೇಡ. ಸೋಲ್ ಗಿಡ್ಡವಾಗಿರಲಿ, ಹಿಮ್ಮಡಿ ಹತ್ತಿರ ಅಗಲವಾಗಿರಲಿ. ಹಿಮ್ಮಡಿ ಹಿಡಿಯುವ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಸಿಯಬಾರದು. ಆಮೇಲೆ ತಿರುಚುವ ಪರೀಕ್ಷೆ. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದು ಕೈಯಲ್ಲಿ ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ರಸ್ತೆ ಓಟದ ಶೂ ಸಲೀಸಾಗಿ ತಿರುಚಿಕೊಳ್ಳುತ್ತದೆ. ಬೆಟ್ಟದ ಶೂ ವಿರೋಧಿಸಬೇಕು. ಬಾಗುವುದು ಬೆರಳುಗಳು ಬಾಗುವ ಜಾಗದಲ್ಲಿ ಮಾತ್ರ, ನಡುವಿನಲ್ಲಲ್ಲ. ಕಲ್ಲಿನ ಮೇಲೆ ಅರ್ಧ ಪಾದ ಮಾತ್ರ ಊರಿದಾಗ ಉಳಿದರ್ಧ ಕೆಳಗೆ ಜೋಲದಂತೆ ಹಿಡಿಯುವುದು ಈ ಗುಣವೇ. ನಾನು ಶೂ ಆರಿಸುವಾಗ ಎತ್ತರಕ್ಕಿಂತ ಮೊದಲು ನೋಡುವುದು ಇದನ್ನೇ.

ಆದರೆ ಕಾಲನ್ನು ನಿಜಕ್ಕೂ ಕಾಯುವುದು ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಸ್ನಾಯು, ಮತ್ತು ಪಾದ ಎಷ್ಟು ವಾಲಿದೆ ಅಂತ ಮೆದುಳಿಗೆ ತಿಳಿಸುವ ನರಗಳು. ಒಮ್ಮೆ ಜೋರಾಗಿ ಉಳುಕಿದ ಮೇಲೆ ನೋವು ಹೋದರೂ ಈ ತಿಳಿಸುವ ಕೆಲಸ ಮಂದವಾಗಿಯೇ ಉಳಿಯುವುದು ತುಂಬ ಸಾಮಾನ್ಯ. ಈಗಲೇ ನೋಡಿಕೊಳ್ಳಿ. ಗೋಡೆ ಪಕ್ಕ ಬರಿಗಾಲಲ್ಲಿ, ಎಡಗಾಲ ಮೇಲೆ ಒಂಟಿಕಾಲಲ್ಲಿ ಕಣ್ಣು ಮುಚ್ಚಿ ನಿಲ್ಲಿ, ಆಮೇಲೆ ಬಲಗಾಲ ಮೇಲೆ. ಎಡಗಾಲಲ್ಲಿ ಇಪ್ಪತ್ತು ಸೆಕೆಂಡ್ ನಿಲ್ಲಲು ಆಗಿ, ಬಲಗಾಲಲ್ಲಿ ಐದಕ್ಕೇ ತಡವರಿಸಿದರೆ ಕೆಲಸ ಬಾಕಿ ಇದೆ ಅಂತ. ದಿನಾ ಹಲ್ಲುಜ್ಜುವ ಹೊತ್ತಿನಲ್ಲಿ ಬಲಗಾಲ ಮೇಲೆ ನಿಲ್ಲಿ. ವಾರ ಕಳೆದ ಮೇಲೆ ಮಡಚಿದ ಕಂಬಳಿಯ ಮೇಲೆ ನಿಲ್ಲಿ, ಇನ್ನೊಂದು ವಾರಕ್ಕೆ ಕಣ್ಣು ಮುಚ್ಚಿ. ಜೊತೆಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ದಿನಕ್ಕೆ ಹದಿನೈದರ ಎರಡು ಸುತ್ತು. ಐದಾರು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಹೀಗೆ ಮಾಡುವಾಗ ನೋವು ಬಂದರೆ, ಅಥವಾ ಸಮತಟ್ಟು ನೆಲದಲ್ಲೇ ಕಾಲು ಆಗಾಗ ಜಾರಿದ ಹಾಗೆ ಆಗುತ್ತಿದ್ದರೆ, ಶೂ ಹುಡುಕುವ ಮೊದಲು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ.

ಈಗ ಹಿಡಿತ. ಇದು ನನಗೆ ಪಾದದ ಗಂಟಿಗಿಂತ ದೊಡ್ಡ ವಿಷಯ, ಯಾಕೆಂದರೆ ಮಳೆಗಾಲದಲ್ಲಿ ಕಾಲು ಉಳುಕುವುದಕ್ಕೆ ಮುಂಚೆ ಹೆಚ್ಚಾಗಿ ಜಾರಿರುತ್ತದೆ. ಮುಳ್ಳೋಡಿ ದಾರಿಯಲ್ಲಿ ನಿಮ್ಮ ಕಾಲಿಗೆ ಸಿಗುವುದು ಒಂದೇ ಥರದ ನೆಲ ಅಲ್ಲ. ಶೋಲಾ ಕಾಡಿನೊಳಗೆ ಒದ್ದೆ ಬೇರು ಮತ್ತು ಪಾಚಿ ಹಿಡಿದ ಕಲ್ಲು, ಹಳ್ಳಗಳಲ್ಲಿ ನೀರು ಉಜ್ಜಿ ನುಣುಪಾದ ಬಂಡೆ, ಹುಲ್ಲುಗಾವಲಿನ ಏರಿನಲ್ಲಿ ಜನ ನಡೆದು ನಡೆದು ಚರಂಡಿಯಂತಾದ ಕೆಂಪು ಜೇಡಿಯ ದಾರಿ, ಅದರಲ್ಲಿ ಅಲ್ಲಲ್ಲಿ ಸಡಿಲ ಕಲ್ಲು. ಜೇಡಿಗೆ ಬೇಕಾಗುವುದು ಒಂದು, ಬಂಡೆಗೆ ಬೇಕಾಗುವುದು ಇನ್ನೊಂದು.

ಜೇಡಿಯಲ್ಲಿ ಸೋಲಿನ ಹಲ್ಲುಗಳು ಮಣ್ಣಿನೊಳಗೆ ಇಳಿದು ಹಿಡಿಯಬೇಕು. ಅದಕ್ಕೆ ಹಲ್ಲು ಎತ್ತರ ಇರಬೇಕು, ಮತ್ತು ಒಂದಕ್ಕೊಂದು ದೂರ ಇರಬೇಕು. ಹತ್ತಿರ ಹತ್ತಿರ ಇದ್ದರೆ ನಡುವೆ ಜೇಡಿ ಮೆತ್ತಿಕೊಂಡು ಹತ್ತು ಹೆಜ್ಜೆಗೇ ಸೋಲ್ ನುಣ್ಣಗಾಗುತ್ತದೆ. ಒದ್ದೆ ಬಂಡೆಯ ಮೇಲೆ ಎತ್ತರದ ಹಲ್ಲಿನಿಂದ ಪ್ರಯೋಜನ ಇಲ್ಲ, ಇಳಿಯಲು ಮಣ್ಣೇ ಇಲ್ಲವಲ್ಲ. ಅಲ್ಲಿ ರಬ್ಬರ್ ಮೆದುವಾಗಿದ್ದು, ಕಲ್ಲಿನ ಸಣ್ಣ ಸಣ್ಣ ಉಬ್ಬುತಗ್ಗಿನೊಳಗೆ ಕೂತು, ನಡುವಿನ ನೀರಿನ ಪದರವನ್ನು ಪಕ್ಕಕ್ಕೆ ತಳ್ಳಬೇಕು. ಎತ್ತರದ, ಚೂಪಾದ, ಗಟ್ಟಿ ಹಲ್ಲು ಬಂಡೆಯ ಮೇಲೆ ಕಡಿಮೆ ಜಾಗ ಮುಟ್ಟುತ್ತದೆ, ಜಾರುತ್ತದೆ. ಫುಟ್ಬಾಲ್ ಶೂ ಹಾಕಿಕೊಂಡು ಬರುವವರು ಹುಲ್ಲಿನ ಏರಿನಲ್ಲಿ ಚೆನ್ನಾಗಿ ಹತ್ತಿ, ಹಳ್ಳದ ಬಂಡೆಯ ಮೇಲೆ ಬೀಳುವುದು ಇದಕ್ಕೇ. ನಿಮ್ಮ ದಾರಿಯಲ್ಲಿ ಎರಡೂ ಇರುವುದರಿಂದ ನಡುವಿನದ್ದು ಬೇಕು. ನಾಲ್ಕರಿಂದ ಐದು ಮಿಲಿಮೀಟರ್ ಹಲ್ಲು, ತಲೆ ಚಪ್ಪಟೆಯಾಗಿರುವುದು, ನಡುವೆ ಜಾಗ ಇರುವುದು, ರಬ್ಬರ್ ಮೆದು.

ಮೆದು ಅಂತ ತಿಳಿಯುವುದು ಹೇಗೆ? ಹಲ್ಲಿನ ಮೇಲೆ ಉಗುರು ಊರಿ. ಸ್ವಲ್ಪ ಒಳಗೆ ಹೋಗಿ, ತೆಗೆದಾಗ ಮತ್ತೆ ಮೇಲೆ ಬಂದರೆ ಸರಿ. ಪ್ಲಾಸ್ಟಿಕ್ ಬಕೆಟಿಗೆ ಉಗುರು ಒತ್ತಿದಂತೆ ಅನ್ನಿಸಿದರೆ ಬೇಡ, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ. ವೈಬ್ರಮ್ ಮೆಗಾಗ್ರಿಪ್ ಅಂತ ಸೋಲಿನ ಮೇಲೆ ಬರೆದಿರುವುದು ಒದ್ದೆ ಬಂಡೆಗೆ ಅಂತಲೇ ಮಾಡಿದ ರಬ್ಬರ್. ಆದರೆ ಬರೀ ವೈಬ್ರಮ್ ಅಂತ ಇದ್ದರೆ ಸಾಲದು, ಆ ಕಂಪನಿಯ ರಬ್ಬರಿನಲ್ಲೇ ಹಲವು ಬಗೆ ಇವೆ. ಕೆಲವು ಬಾಳಿಕೆಗಾಗಿ ಗಟ್ಟಿ ಮಾಡಿದ್ದು. ಬೂಟುಗಳಲ್ಲಿ ಹೆಚ್ಚಾಗಿ ಈ ಬಾಳಿಕೆಯ ರಬ್ಬರೇ ಇರುತ್ತದೆ. ವರ್ಷಗಟ್ಟಲೆ ಸವೆಯದೆ ಬರಲಿ ಅಂತ ಕೊಳ್ಳುವವರೂ ಬಯಸುತ್ತಾರೆ, ಮಾಡುವವರೂ ಹಾಗೇ ಮಾಡುತ್ತಾರೆ. ಮೆದು ರಬ್ಬರ್ ಬೇಗ ಸವೆಯುತ್ತದೆ. ಹಾಗಾಗಿ ತಗೊಂಡ ಟ್ರೈಲ್ ಶೂವನ್ನು ದಿನಾ ಪಾರ್ಕಿಗೆ, ಆಫೀಸಿಗೆ ಹಾಕಬೇಡಿ. ಡಾಂಬರಿನ ಮೇಲೆ ಅದು ಕರಗಿ ಹೋಗುತ್ತದೆ. ಹಲ್ಲಿನ ಎತ್ತರ ಅರ್ಧಕ್ಕೆ ಇಳಿದರೆ ಮಳೆಗಾಲದ ಚಾರಣಕ್ಕೆ ಅದರ ಕೆಲಸ ಮುಗಿದ ಹಾಗೆ.

ಹೊಸ ಶೂವನ್ನು ನೇರವಾಗಿ ಬೆಟ್ಟಕ್ಕೆ ಹಾಕಿಕೊಂಡು ಹೋಗಬೇಡಿ, ಎರಡು ಕಾರಣಕ್ಕೆ. ಪಾದಕ್ಕೆ ಎಲ್ಲಿ ಉಜ್ಜುತ್ತದೆ ಅಂತ ಮೊದಲೇ ಗೊತ್ತಾಗಬೇಕು. ಇನ್ನೊಂದು, ಅಚ್ಚಿನಿಂದ ಬಂದ ಹೊಸ ರಬ್ಬರಿನ ಮೇಲ್ಮೈ ನುಣ್ಣಗೆ ಇರುತ್ತದೆ, ಸ್ವಲ್ಪ ಉಜ್ಜಿದ ಮೇಲೇ ಹಿಡಿತ ಸರಿಯಾಗಿ ಬರುವುದು. ಮಣ್ಣು ಕಲ್ಲಿರುವ ದಾರಿಯಲ್ಲಿ ನಾಲ್ಕೈದು ಸಲ ನಡೆದರೆ ಸಾಕು. ಮಳೆ ಬಂದಾಗ ಮನೆ ಮುಂದಿನ ಒರಟು ಕಲ್ಲಿನ ಮೆಟ್ಟಿಲ ಮೇಲೆ, ಪಕ್ಕದ ಕಂಬಿ ಹಿಡಿದುಕೊಂಡು, ಶೂ ಊರಿ ನಿಧಾನವಾಗಿ ಮುಂದಕ್ಕೆ ತಳ್ಳಿ ನೋಡಿ. ನಿಮ್ಮ ಹಳೆಯ ಬೂಟನ್ನೂ ಅಲ್ಲೇ ತಳ್ಳಿ ನೋಡಿ. ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಒಂದು ಮಿತಿ ಮಾತ್ರ ನೆನಪಿರಲಿ. ಪಾಚಿ ಹಿಡಿದ ಕಲ್ಲಿನ ಮೇಲೆ ಯಾವ ರಬ್ಬರೂ ನಿಲ್ಲಲ್ಲ. ಅಲ್ಲಿ ಸೋಲ್ ಮುಟ್ಟುವುದು ಕಲ್ಲನ್ನಲ್ಲ, ಪಾಚಿಯನ್ನು, ಮತ್ತು ಪಾಚಿಯೇ ಕಲ್ಲಿನಿಂದ ಬಿಟ್ಟು ಜಾರುತ್ತದೆ. ಕಪ್ಪಗೆ ಅಥವಾ ಗಾಢ ಹಸಿರಾಗಿ ಹೊಳೆಯುವ ಬಂಡೆಯನ್ನು ಬಿಡಿ. ಒರಟಾಗಿ, ಮಂಕಾಗಿ ಕಾಣುವ ಕಲ್ಲು ಆರಿಸಿ. ಹಳ್ಳದಲ್ಲಿ ಶೂ ಒದ್ದೆಯಾಗದಿರಲಿ ಅಂತ ಬಂಡೆಯಿಂದ ಬಂಡೆಗೆ ಹಾರುವುದೇ ಬೀಳುವುದಕ್ಕೆ ಮುಖ್ಯ ಕಾರಣ. ನೀರು ಮೊಣಕಾಲಿಗಿಂತ ಕೆಳಗಿದ್ದು ಸೆಳೆತ ಕಡಿಮೆ ಇದ್ದರೆ, ಬಂಡೆಗಳ ನಡುವಿನ ನೀರಿನಲ್ಲೇ, ತಳದ ಜಲ್ಲಿಯ ಮೇಲೆ ಪಾದವನ್ನು ಪೂರ್ತಿ ಊರಿ ಸಣ್ಣ ಹೆಜ್ಜೆಯಲ್ಲಿ ದಾಟಿ. ಶೂ ಬಿಚ್ಚಬೇಡಿ. ಮಧ್ಯಾಹ್ನ ಮಳೆ ಜೋರಾದರೆ ಬೆಳಿಗ್ಗೆ ಸುಲಭವಾಗಿ ದಾಟಿದ ಹಳ್ಳ ವಾಪಸ್ ಬರುವಾಗ ಬೇರೆಯೇ ಆಗಿರುತ್ತದೆ. ಆಗ ಗೈಡ್ ಕಾಯಿರಿ ಅಂದರೆ ಕಾಯಬೇಕು.

ಹಳ್ಳದ ಮಾತು ಬಂದಿದ್ದರಿಂದ ವಾಟರ್‌ಪ್ರೂಫ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನೀವು ದಾಟುವ ಹಳ್ಳದಲ್ಲಿ ನೀರು ಬೂಟಿನ ಕಾಲರ್ ಮೇಲಿಂದ ಒಳಗೆ ಬರುತ್ತದೆ. ಅದು ಬರದಿದ್ದರೂ ಪ್ಯಾಂಟಿನ ಮೇಲೆ ಸುರಿದ ಮಳೆ ಸಾಕ್ಸ್ ಹಿಡಿದುಕೊಂಡು ಇಳಿಯುತ್ತದೆ. ಹೊರಗಿನ ನೀರು ಒಳಗೆ ಬಿಡದ ಪೊರೆ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ, ಅಲ್ವಾ? ಬೆವರಿನ ಆವಿ ಹೊರಗೆ ಹೋಗಬೇಕಾದರೂ ಹೊರಗಿನ ಗಾಳಿ ಒಳಗಿನದ್ದಕ್ಕಿಂತ ಒಣಗಿರಬೇಕು. ಜುಲೈ ತಿಂಗಳ ಘಟ್ಟದಲ್ಲಿ ಅಂಥ ಗಾಳಿ ಎಲ್ಲಿಂದ ಬರಬೇಕು! ಆದ್ದರಿಂದ ಬೆಳಿಗ್ಗೆ ಮೊದಲ ಹಳ್ಳದಲ್ಲಿ ತುಂಬಿದ ನೀರು ಸಂಜೆವರೆಗೂ ಬೂಟಿನಲ್ಲೇ ಇರುತ್ತದೆ. ಬಲೆ ಬಟ್ಟೆಯ ಟ್ರೈಲ್ ಶೂ ಕೂಡ ಒದ್ದೆಯಾಗುತ್ತದೆ, ಆದರೆ ಹಳ್ಳ ದಾಟಿ ಸ್ವಲ್ಪ ದೂರ ನಡೆದರೆ ಹೆಜ್ಜೆ ಹೆಜ್ಜೆಗೂ ನೀರು ಹೊರಗೆ ಚಿಮ್ಮಿ ಹೋಗುತ್ತದೆ. ಇಡೀ ದಿನ ನೆನೆದ ಪಾದದ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ, ಮೆದುವಾಗಿ, ಸಣ್ಣ ಉಜ್ಜಿಗೂ ಬೊಬ್ಬೆ ಏಳುತ್ತದೆ. ಹೊರಡುವ ಮೊದಲು ಬೆರಳ ಸಂದಿಗೆ, ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿ. ಕಾಟನ್ ಸಾಕ್ಸ್ ಬೇಡ. ತೆಳು ಉಣ್ಣೆ ಬೆರೆತದ್ದು, ಇಲ್ಲವೇ ನೈಲಾನಿನದ್ದು ಒಳ್ಳೆಯದು. ಇಳಿಯುವ ಮುಂಚೆ ಹಾಕಲು ಒಂದು ಜೊತೆ ಒಣ ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ.

ರಕ್ತ ಹೀರುವ ಇಂಬಳ ತಡೆಯಲು ಬೂಟ್ ಒಳ್ಳೆಯದು ಅನ್ನುವವರಿದ್ದಾರೆ, ಆದರೆ ಬೂಟ್ ತಡೆಯಲ್ಲ. ಬೂಟಿನ ನಾಲಿಗೆಯ ಸಂದಿಯಿಂದ, ಲೇಸಿನ ತೂತಿನಿಂದ, ಸಾಕ್ಸಿನ ಹೆಣಿಗೆಯೊಳಗಿಂದ ಅವು ನುಗ್ಗುತ್ತವೆ. ತಡೆಯುವುದು ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲವರೆಗಿನ ಲೀಚ್ ಸಾಕ್ಸ್ ಮಾತ್ರ. ಅದನ್ನು ಮಾಮೂಲಿ ಸಾಕ್ಸ್ ಮತ್ತು ಬ್ರೇಸಿನ ಮೇಲೆ, ಶೂ ಒಳಗೆ ಹಾಕಿಕೊಳ್ಳಬೇಕು. ಶೂ ಅಳತೆ ನೋಡುವಾಗ ಇದನ್ನೂ ಹಾಕಿಕೊಂಡೇ ನೋಡಿ.

ತೂಕದ ಲೆಕ್ಕ ಒಂದು ಸಲ ಮಾಡಿದರೆ ಮರೆಯಲ್ಲ. ಸಾಮಾನ್ಯ ಬೂಟ್ ಒಂದು ಕಾಲಿಗೆ ಸುಮಾರು 600 ಗ್ರಾಂ, ಟ್ರೈಲ್ ಶೂ 300 ಗ್ರಾಂ. ವ್ಯತ್ಯಾಸ 300 ಗ್ರಾಂ. ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 18 ಕಿಲೋಮೀಟರ್. ಒಂದು ಹೆಜ್ಜೆ 65 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ಹತ್ತಿರ ಹತ್ತಿರ 28 ಸಾವಿರ ಹೆಜ್ಜೆ. ಪ್ರತಿ ಹೆಜ್ಜೆಗೂ 300 ಗ್ರಾಂ ಹೆಚ್ಚು ಎತ್ತಿದರೆ ದಿನದ ಕೊನೆಗೆ ಎಂಟು ಟನ್‌ಗಿಂತ ಜಾಸ್ತಿ. ಅದು ಒಣ ಬೂಟಿನ ಲೆಕ್ಕ. ಚರ್ಮ ಮತ್ತು ಸ್ಪಂಜು ನೀರು ಕುಡಿದ ಮೇಲೆ ವ್ಯತ್ಯಾಸ ಇನ್ನೂ ಏರುತ್ತದೆ, ಅದಕ್ಕೆ ಮೆತ್ತಿದ ಜೇಡಿ ಬೇರೆ. ಕಾಲಿನಲ್ಲಿರುವ ತೂಕ ಬೆನ್ನಿನ ತೂಕಕ್ಕಿಂತ ಎಷ್ಟು ದುಬಾರಿ ಅನ್ನುವುದನ್ನು 1980ರ ದಶಕದಲ್ಲೇ ಸೈನಿಕರ ಬೂಟುಗಳಿಗಾಗಿ ಅಳೆದಿದ್ದಾರೆ. ಕಾಲಿನಲ್ಲಿ ಒಂದು ಕೆಜಿ ಅಂದರೆ ಬೆನ್ನಿನಲ್ಲಿ ಐದು ಕೆಜಿ ಅಥವಾ ಅದಕ್ಕೂ ಹೆಚ್ಚು ಹೊತ್ತಷ್ಟು ಶ್ರಮ. ಎರಡೂ ಕಾಲು ಸೇರಿ 600 ಗ್ರಾಂ ಉಳಿಸಿದರೆ ಬೆನ್ನಿನಿಂದ ಮೂರು ಕೆಜಿ ಇಳಿಸಿದ ಹಾಗೆ.

ಇದನ್ನು ನಾನು ಇಷ್ಟು ಒತ್ತಿ ಹೇಳುವುದು ಬೇಗ ತುದಿ ಮುಟ್ಟಲಿ ಅಂತಲ್ಲ. ಕಾಲು ಉಳುಕುವುದು ಬೆಳಿಗ್ಗೆ ಏರುವಾಗ ಕಡಿಮೆ. ಮಧ್ಯಾಹ್ನದ ಮೇಲೆ, ಇಳಿಯುವಾಗ, ತೊಡೆ ಸೋತು, ಪಾದವನ್ನು ಕಲ್ಲಿನ ಮೇಲೆ ಎತ್ತಿ ಇಡಬೇಕಾದಲ್ಲಿ ಎಳೆದು ಇಡುವಾಗ ಜಾಸ್ತಿ. ಸೋತ ಸ್ನಾಯು ತಡವಾಗಿ ಎಚ್ಚರಗೊಳ್ಳುತ್ತದೆ. ಹಗುರ ಶೂ ಆ ಸೋಲನ್ನು ಮುಂದಕ್ಕೆ ಹಾಕುತ್ತದೆ. ಅಂದರೆ ತೂಕ ಕಡಿಮೆ ಮಾಡುವುದೂ ಪಾದದ ಗಂಟಿಗೆ ಕೊಡುವ ಆಸರೆಯೇ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅದು ನನಗೆ ಬೇಸರದ ವಿಷಯ. ಇಳಿಯುವಾಗ ಎರಡು ಟ್ರೆಕಿಂಗ್ ಪೋಲ್ ಹಿಡಿಯಿರಿ. ಇಲ್ಲದಿದ್ದರೆ ಒಂದು ಗಟ್ಟಿ ಬಿದಿರಿನ ಕೋಲಾದರೂ ಇರಲಿ, ಅದನ್ನು ಎಡಗೈಯಲ್ಲಿ ಹಿಡಿಯಿರಿ, ಯಾಕೆಂದರೆ ಬಲಗಾಲು ಊರುವ ಹೊತ್ತಿಗೆ ಎಡಗಡೆ ಇನ್ನೊಂದು ಆಸರೆ ಬೇಕು.

ಹಾಗಾದರೆ ಬೂಟ್ ಯಾರಿಗೆ? ಬೆನ್ನ ಮೇಲೆ 12–15 ಕೆಜಿಗಿಂತ ಹೆಚ್ಚು ಹೊತ್ತು ಹಲವು ದಿನ ನಡೆಯುವವರಿಗೆ, ಹಿಮ ಮತ್ತು ಚಳಿ ಇರುವಲ್ಲಿಗೆ, ಪಾದ ಹೂತುಹೋಗುವಂಥ ಸಡಿಲ ಜಲ್ಲಿಯ ಇಳಿಜಾರಿಗೆ. ಅಲ್ಲಿ ನಾನೂ ಬೂಟನ್ನೇ ಹಾಕುತ್ತೇನೆ. ಗಂಟಿನ ಮೂಳೆಗೆ ಕಲ್ಲು ತಾಗುವುದನ್ನು ಬೂಟ್ ನಿಜಕ್ಕೂ ತಡೆಯುತ್ತದೆ, ಅದು ಸಣ್ಣ ಲಾಭವೇನಲ್ಲ. ತೆಳು ಟ್ರೈಲ್ ಶೂನಲ್ಲಿ ಚೂಪು ಕಲ್ಲು ಅಂಗಾಲಿಗೆ ಚುಚ್ಚಿ ಸಂಜೆಗೆ ಊದಿಕೊಳ್ಳುವುದೂ ಇದೆ. ಅದಕ್ಕೆ ಮುಂಗಾಲಿನ ಕೆಳಗೆ ತೆಳು ಗಟ್ಟಿ ಹಾಳೆ ಇರುವ, ಬೆರಳ ಮುಂದೆ ರಬ್ಬರ್ ಕವಚ ಇರುವ ಶೂ ಆರಿಸಿ. ಇಷ್ಟೆಲ್ಲ ಓದಿದ ಮೇಲೂ ಗಂಟು ಮುಚ್ಚಿದ್ದರೇ ಧೈರ್ಯ ಅನ್ನಿಸಿದರೆ, ವಾಟರ್‌ಪ್ರೂಫ್ ಪೊರೆ ಇಲ್ಲದ, 450 ಗ್ರಾಂ ಒಳಗಿನ ಅರ್ಧ ಎತ್ತರದ ಬೂಟ್ ತಗೊಳ್ಳಿ. ಮೆದು ರಬ್ಬರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ.

ಅಂಗಡಿಗೆ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲಿ ಊದುವ ಹಾಗೆ. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಇರಬೇಕು. ಅಂಗಡಿಯ ಮೆಟ್ಟಿಲನ್ನು ಇಳಿದು ನೋಡಿ, ಬೆರಳು ಮುಂದಕ್ಕೆ ತಾಗಿದರೆ ಆ ಜೋಡಿ ಬೇಡ. ಇಡೀ ಇಳಿಜಾರು ಹಾಗೆ ತಾಗಿದರೆ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಮೇಲಕ್ಕೆ ಏಳುತ್ತಿದ್ದರೆ ಎಲ್ಲಕ್ಕಿಂತ ಮೇಲಿನ, ಹೆಚ್ಚಿನವರು ಖಾಲಿ ಬಿಡುವ ತೂತಿಗೂ ಲೇಸ್ ಹಾಕಿ ಬಿಗಿದು ನೋಡಿ.

ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ಕಾಲು ಮಗುಚಿದರೆ, ತಕ್ಷಣ ಶೂ ಬಿಚ್ಚಬೇಡಿ. ಬಿಚ್ಚಿದರೆ ಊತ ಬಂದು ಮತ್ತೆ ಹಾಕಲು ಆಗದೆ ಹೋಗಬಹುದು. ಕೂತು, ಉಸಿರು ಸುಧಾರಿಸಿಕೊಂಡು, ನಾಲ್ಕು ಹೆಜ್ಜೆ ಹಾಕಿ ನೋಡಿ. ಕುಂಟುತ್ತಾದರೂ ನಾಲ್ಕು ಹೆಜ್ಜೆ ಹಾಕಲು ಆದರೆ, ಮತ್ತು ಎರಡೂ ಬದಿಯ ಗಂಟಿನ ಮೂಳೆಯ ಹಿಂದಿನ ಅಂಚನ್ನೂ ತುದಿಯನ್ನೂ ಒತ್ತಿದಾಗ ಮೂಳೆಯಲ್ಲೇ ನೋವಿಲ್ಲದಿದ್ದರೆ, ಮೂಳೆ ಮುರಿದಿರುವ ಸಾಧ್ಯತೆ ತುಂಬ ಕಡಿಮೆ. ಪಾದದ ನಡುಭಾಗವನ್ನೂ ಒಳಗೆ ಹೊರಗೆ ಎರಡೂ ಕಡೆ ಒತ್ತಿ ನೋಡಿ. ಅಲ್ಲೂ ಮೂಳೆಯಲ್ಲಿ ನೋವಿಲ್ಲದಿದ್ದರೆ ಬ್ರೇಸ್ ಬಿಗಿ ಮಾಡಿಕೊಂಡು, ಬ್ಯಾಗನ್ನು ಗೆಳೆಯನಿಗೆ ಕೊಟ್ಟು, ಅಲ್ಲಿಂದಲೇ ಹಿಂದಕ್ಕೆ ತಿರುಗಿ. ತುದಿ ಹತ್ತಿರ ಇದ್ದರೂ ಸರಿ. ನಾಲ್ಕು ಹೆಜ್ಜೆ ಹಾಕಲು ಆಗದಿದ್ದರೆ, ಅಥವಾ ಮೂಳೆಯ ಮೇಲೆ ಒತ್ತಿದಾಗ ನೋವಾದರೆ ನಡೆಯಬೇಡಿ. ಗೈಡಿಗೆ ಹೇಳಿ ಜನ ಕರೆಸಿ, ಕೆಳಗೆ ಇಳಿದ ಕೂಡಲೇ ಎಕ್ಸ್‌ರೇ ಮಾಡಿಸಿ.